ಮಾಹಿತಿ ಸುರಕ್ಷತೆ: ನವೆಂಬರ್ 2025ರ ಮಾಸಿಕ ವರದಿ

ಆಡಳಿತ ಸಮಿತಿಯ ಮಾನ್ಯ ಸದಸ್ಯರ ಅವಗಾಹನೆಗೆ,

ಪ್ರಧಾನ ಕಚೇರಿ ಹಾಗೂ ಶಾಖೆಗಳ 412 ಕಂಪ್ಯೂಟರುಗಳ ಪೈಕಿ 375ಕ್ಕೆ, ಅಂದರೆ ಶೇ. 91ಕ್ಕೆ, ನವೆಂಬರ್ 11ರಂದು ಸುರಕ್ಷತಾ ದೋಷಗಳನ್ನು ಸರಿಪಡಿಸಲು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಪ್ಯಾಚ್‌ಗಳನ್ನು ನಿಗದಿತ 14 ದಿನಗಳೊಳಗೆ ಅಳವಡಿಸಲಾಗಿದೆ. ಈ ಪ್ರಮಾಣ ಸೆಪ್ಟೆಂಬರ್‌ನಲ್ಲಿ ಶೇ. 78, ಅಕ್ಟೋಬರ್‌ನಲ್ಲಿ ಶೇ. 84 ಇತ್ತು. ಏರಿಕೆ ಸಮಾಧಾನಕರವೇ ಆದರೂ, ಸಮಿತಿಯು ಉಳಿದ 37 ಯಂತ್ರಗಳತ್ತ ಗಮನ ಹರಿಸಬೇಕೆಂದು ಕೋರುತ್ತೇನೆ. ಅವುಗಳಲ್ಲಿ 22 ಯಂತ್ರಗಳು ಇನ್ನೂ ವಿಂಡೋಸ್ 10ರಲ್ಲೇ ನಡೆಯುತ್ತಿವೆ. ಅದರ ಸಾಮಾನ್ಯ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿದಿದ್ದು, ವಿಸ್ತರಿತ ಬೆಂಬಲವನ್ನು ನಾವು ಪಡೆದಿಲ್ಲವಾದ್ದರಿಂದ, ಅವುಗಳಿಗೆ ಪ್ಯಾಚ್ ತಡವಾಗಿದೆ ಎನ್ನುವುದಕ್ಕಿಂತ ಪ್ಯಾಚ್ ಬರುವುದೇ ಇಲ್ಲ ಎನ್ನುವುದು ಸರಿ. ಮಿಕ್ಕ 15 ಯಂತ್ರಗಳನ್ನು ಶಾಖೆ ಮುಚ್ಚುವಾಗ ಮುಖ್ಯ ಸ್ವಿಚ್ಚಿನಿಂದಲೇ ಆರಿಸಲಾಗುತ್ತಿದ್ದು, ರಾತ್ರಿ ಕಳುಹಿಸುವ ಪ್ಯಾಚ್ ಅವುಗಳನ್ನು ತಲುಪುತ್ತಿಲ್ಲ. ಈ ಪೈಕಿ 11 ಯಂತ್ರಗಳು ಹಿಂದಿನ ಎರಡು ತಿಂಗಳ ಬಾಕಿ ಪಟ್ಟಿಯಲ್ಲೂ ಇದ್ದವು.

ಸುರಕ್ಷತಾ ಘಟನೆಗಳು ಸೆಪ್ಟೆಂಬರ್‌ನಲ್ಲಿ 7, ಅಕ್ಟೋಬರ್‌ನಲ್ಲಿ 5, ಈ ತಿಂಗಳು 4. ಮೂರು ಸಣ್ಣವು, ಅಲ್ಲಲ್ಲೇ ಬಗೆಹರಿದಿವೆ. ನಾಲ್ಕನೆಯದನ್ನು ವಿವರಿಸಬೇಕಾಗಿದೆ. ನವೆಂಬರ್ 18ರ ಬೆಳಿಗ್ಗೆ 10.42ಕ್ಕೆ ಶಾಖೆಯೊಂದರ ಗುಮಾಸ್ತರಿಗೆ ‘ವೇತನ ಪರಿಷ್ಕರಣೆ ಪಟ್ಟಿ’ ಎಂಬ ಶೀರ್ಷಿಕೆಯ ಇಮೇಲ್ ಬಂದಿತು. ಅವರು ಲಿಂಕ್ ತೆರೆದು ಪಾಸ್‌ವರ್ಡ್ ನಮೂದಿಸಿದರು. ಪಟ್ಟಿಯ ಬದಲು ಖಾಲಿ ಪುಟ ಕಂಡಾಗ ಸಂಶಯಗೊಂಡು 10.51ಕ್ಕೆ ತಾವಾಗಿಯೇ ನಮಗೆ ಕರೆ ಮಾಡಿದರು. 11.05ರೊಳಗೆ ಪಾಸ್‌ವರ್ಡ್ ಬದಲಿಸಿ, ಆ ಖಾತೆಯ ಎಲ್ಲ ಲಾಗಿನ್‌ಗಳನ್ನು ರದ್ದುಪಡಿಸಿದೆವು. ಹೊರಗಿನಿಂದ ಯಾರೂ ಖಾತೆಯನ್ನು ಪ್ರವೇಶಿಸಿದ ಕುರುಹು ಲಾಗ್‌ಗಳಲ್ಲಿ ಕಂಡುಬಂದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸಿಇಆರ್‌ಟಿ-ಇನ್‌ನ 2022ರ ನಿರ್ದೇಶನದಂತೆ 6 ಗಂಟೆಗಳ ಮಿತಿಯೊಳಗೆ ವರದಿಯನ್ನೂ ಸಲ್ಲಿಸಲಾಗಿದೆ. ಅವರು ಭಯಪಟ್ಟು ಸಂಜೆಯವರೆಗೆ ಸುಮ್ಮನಿದ್ದಿದ್ದರೆ ಈ ಪರಿಚ್ಛೇದವನ್ನು ಬೇರೆ ರೀತಿ ಬರೆಯಬೇಕಾಗುತ್ತಿತ್ತು. ಆದ್ದರಿಂದ ಅವರಿಗೆ ಕಾರಣ ಕೇಳುವ ನೋಟಿಸ್ ನೀಡುವ ಪ್ರಸ್ತಾವವನ್ನು ಕೈಬಿಡಬೇಕೆಂದು ಆಗ್ರಹಪೂರ್ವಕವಾಗಿ ವಿನಂತಿಸುತ್ತೇನೆ.

ಸಿಬ್ಬಂದಿ ವರದಿ ಮಾಡಿದ ಅನುಮಾನಾಸ್ಪದ ಇಮೇಲ್‌ಗಳು ಮೂರು ತಿಂಗಳಲ್ಲಿ 31ರಿಂದ 58ಕ್ಕೆ, ಅಲ್ಲಿಂದ 96ಕ್ಕೆ ಏರಿವೆ. ಇದನ್ನು ದಾಳಿ ಮೂರು ಪಟ್ಟು ಹೆಚ್ಚಿದೆಯೆಂದು ಓದಬಾರದು. ಅಕ್ಟೋಬರ್‌ನಲ್ಲಿ ಇಮೇಲ್ ಪರದೆಯ ಮೇಲೆ ವರದಿ ಗುಂಡಿಯನ್ನು ಒದಗಿಸಿದ ಮೇಲೆ ಹೇಳುವವರು ಹೆಚ್ಚಿದ್ದಾರೆ. 96ರಲ್ಲಿ ನಿಜವಾದ ಫಿಶಿಂಗ್ 41 ಮಾತ್ರ. ಉಳಿದ 55 ನಿರುಪದ್ರವಿ ಎಂದು ತಿಳಿದಾಗಲೂ ಕಳುಹಿಸಿದ ಪ್ರತಿಯೊಬ್ಬರಿಗೂ ಉತ್ತರ ಬರೆದಿದ್ದೇವೆ.

ಸಮಿತಿಯಿಂದ ಎರಡು ನಿರ್ಣಯಗಳನ್ನು ಕೋರಲಾಗಿದೆ: 22 ಹಳೆಯ ಕಂಪ್ಯೂಟರುಗಳನ್ನು ಜನವರಿ 31ರೊಳಗೆ ಬದಲಿಸಲು ಮಂಜೂರಾತಿ, ಹಾಗೂ ಪ್ರತಿ ತಿಂಗಳ ಎರಡನೇ ಬುಧವಾರದಿಂದ ಮೂರು ರಾತ್ರಿ ಯಂತ್ರಗಳನ್ನು ಆರಿಸದಂತೆ ಶಾಖಾ ವ್ಯವಸ್ಥಾಪಕರಿಗೆ ಲಿಖಿತ ಸೂಚನೆ.

ಮಾಹಿತಿ ಸುರಕ್ಷತಾ ಅಧಿಕಾರಿ
ಡಿಸೆಂಬರ್ 3, 2025