ಕಳಿಸುವ ಮುಂಚೆ: ಡಾಕ್ಯುಮೆಂಟ್ ಕೆಲಸ ಕೇಳುವ ಮೆಸೇಜಿಗೆ ನಮ್ಮ ಚೆಕ್‌ಲಿಸ್ಟ್

ವಾರ್ಷಿಕ ವರದಿ ಪ್ರೆಸ್ಸಿಗೆ ಹೋಗುವವರೆಗೆ ಇದು ನಮ್ಮ ನಾಲ್ವರಿಗೂ. ಕರಡು ತಿದ್ದಲು, ಅನುವಾದಕ್ಕೆ, ಪುಟ ವಿನ್ಯಾಸಕ್ಕೆ, ಇಲ್ಲಾ ಸುಮ್ನೆ ಒಂದು ಸಲ ಓದಿ ನೋಡಲು, ಯಾವುದಕ್ಕೆ ಮೆಸೇಜ್ ಬರೆದರೂ ಕಳಿಸುವ ಮುಂಚೆ ಇದರ ಮೇಲೆ ಕಣ್ಣಾಡಿಸಿ. ಮೇಲ್ ಆದರೆ `To` ಜಾಗ ಖಾಲಿ ಇಟ್ಟುಕೊಂಡೇ ಬರೆಯಿರಿ. ಎಲ್ಲಾ ಟಿಕ್ ಆದ ಮೇಲೆ ವಿಳಾಸ ಹಾಕಿ.

☐ ಏನು ಮಾಡಬೇಕು ಅನ್ನುವುದಕ್ಕೆ ಒಂದೇ ಅರ್ಥ ಇದೆಯೇ?
ನಾವು ಜಾಸ್ತಿ ಎಡವುವುದು ಇಲ್ಲೇ. ಹೋದ ವರ್ಷ ನಾನು ಒಬ್ಬರಿಗೆ "ಮೂರನೇ ಅಧ್ಯಾಯ ಸ್ವಲ್ಪ ಸರಿ ಮಾಡಿ ಕೊಡಿ" ಅಂತ ಬರೆದೆ. ನನಗೆ ಬೇಕಿದ್ದದ್ದು ಕಾಗುಣಿತ ತಿದ್ದಿದ ಪ್ರತಿ. ಅವರು ಎರಡು ದಿನ ಕೂತು ಇಡೀ ಅಧ್ಯಾಯವನ್ನೇ ಹೊಸದಾಗಿ ಬರೆದು ಕಳಿಸಿದರು. ಚೆನ್ನಾಗಿಯೇ ಬರೆದಿದ್ದರು ಬಿಡಿ. ಆದರೆ ಆ ಅಧ್ಯಾಯವನ್ನು ಲೆಕ್ಕಪರಿಶೋಧಕರು ಆಗಲೇ ಒಪ್ಪಿಯಾಗಿತ್ತು, ಒಂದು ಪದವನ್ನೂ ಅಲ್ಲಾಡಿಸುವಂತಿರಲಿಲ್ಲ. ಅವರ ಎರಡು ದಿನ ನೀರಿಗೆ ಬಿತ್ತು. ನಾನು ಫೋನ್ ಮಾಡಿ ಕ್ಷಮೆ ಕೇಳಬೇಕಾಯಿತು.

ಈಗ ಬರೆಯುವುದಾದರೆ ಹೀಗೆ ಬರೆಯುತ್ತೇನೆ:

"ಮೂರನೇ ಅಧ್ಯಾಯದಲ್ಲಿ ಕಾಗುಣಿತ ಮತ್ತು ಪೂರ್ಣವಿರಾಮ, ಅಲ್ಪವಿರಾಮ ಇಷ್ಟನ್ನೇ ತಿದ್ದಿ ಸರ್. ವಾಕ್ಯ ಬದಲಿಸುವುದು ಬೇಡ. ಅರ್ಥ ಎಡವಟ್ಟಾಗಿದೆ ಅನ್ನಿಸಿದ ಕಡೆ ಕಾಮೆಂಟ್ ಹಾಕಿ, ನಾನು ನೋಡಿಕೊಳ್ಳುತ್ತೇನೆ."

"ನೋಡಿ", "ಸರಿ ಮಾಡಿ", "ಫೈನಲ್ ಮಾಡಿ", ಈ ಮೂರು ನಿಮ್ಮ ಮೆಸೇಜಿನಲ್ಲಿ ಇದ್ದರೆ ತೆಗೆದು, ನಿಜವಾಗಿ ಬೇಕಿರುವ ಕೆಲಸದ ಹೆಸರು ಹಾಕಿ.

☐ ಮುಟ್ಟಬಾರದ್ದನ್ನು ಹೇಳಿದ್ದೇನೆಯೇ?
ಕೋಷ್ಟಕದ ಅಂಕಿಗಳು, ಜನರ ಹೆಸರು, ಒಪ್ಪಿಗೆ ಸಿಕ್ಕ ಭಾಗ.

☐ ಜಾಗ ಸಿಗುತ್ತದೆಯೇ?
ನಮ್ಮ ವರದಿಯಲ್ಲಿ ಹೊದಿಕೆ, ಪರಿವಿಡಿ ಎಲ್ಲಾ ಸೇರಿ ಮೊದಲ 6 ಪುಟಗಳಿಗೆ ನಂಬರ್ ಇಲ್ಲ. ಹಾಗಾಗಿ ಹಾಳೆಯ ಮೇಲೆ 12 ಅಂತ ಇರುವುದು ಪಿಡಿಎಫ್ ತೆರೆದರೆ 18ನೇ ಪುಟ. ಬರೀ "ಪುಟ 12" ಅಂದರೆ ಅವರು ಯಾವುದೋ ಪುಟದಲ್ಲಿ ಹುಡುಕುತ್ತಾ ಕೂರುತ್ತಾರೆ. "ಪುಟ 12, 'ತರಬೇತಿ' ಶೀರ್ಷಿಕೆಯ ಕೆಳಗಿನ ಎರಡನೇ ಪ್ಯಾರಾ" ಅನ್ನಿ.

☐ ಫೈಲ್ ಅದೇನಾ?
ಸೇರಿಸಿದ ಮೇಲೆ ಆ ಮೆಸೇಜಿನಿಂದಲೇ ತೆರೆದು ನೋಡಿ. ಫೋಲ್ಡರಿನಲ್ಲಿ ಇರುವುದನ್ನು ತೆರೆದರೆ ಲೆಕ್ಕಕ್ಕಿಲ್ಲ. ಹೆಸರು `varadi_v07.docx` ಥರ ಇರಲಿ. `varadi_final_final2.docx` ಅಂತ ಯಾರಾದರೂ ಇಟ್ಟರೆ ಚಹಾ ಅವರದ್ದು.

☐ ಲಿಂಕ್ ಆದರೆ, ಅವರ ಕೈಗೆ ಏನು ಸಿಗುತ್ತದೆ?
ನಮಗೆ ತೆರೆಯಿತು ಅಂದ ಮಾತ್ರಕ್ಕೆ ಅವರಿಗೂ ತೆರೆಯುತ್ತದೆ ಅಂತ ಇಲ್ಲ, ಅಲ್ವಾ? ಗೂಗಲ್ ಡಾಕ್ಸ್‌ನಲ್ಲಿ `Share` ಒತ್ತಿ, ಅವರ ಹೆಸರಿನ ಪಕ್ಕದಲ್ಲಿ ಏನಿದೆ ನೋಡಿ. `Viewer` ಇದ್ದರೆ ಬರೀ ಓದಬಹುದು. ಕಾಮೆಂಟ್ ಹಾಕಲು `Commenter`, ನೇರವಾಗಿ ತಿದ್ದಲು `Editor` ಬೇಕು. ರಾತ್ರಿ ಹತ್ತಕ್ಕೆ ಕೆಲಸಕ್ಕೆ ಕೂತವರು ನಿಮ್ಮ ಅನುಮತಿಗಾಗಿ ಬೆಳಗಿನವರೆಗೆ ಕಾಯುವಂತೆ ಆಗಬಾರದು.

☐ ವರ್ಡ್ ಫೈಲ್ ಆದರೆ `Track Changes` ಆನ್ ಆಗಿದೆಯೇ? ನಮ್ಮ ನಮ್ಮೊಳಗಿನ ಹಳೆಯ ಕಾಮೆಂಟುಗಳನ್ನು ಅಳಿಸಿದ್ದೇವೆಯೇ? "ಈ ಪ್ಯಾರಾ ಯಾರು ಬರೆದಿದ್ದು ಮಾರಾಯ" ಅನ್ನುವುದನ್ನು ಅದನ್ನು ಬರೆದವರೇ ಓದಿದ್ದು ಒಮ್ಮೆ ಆಗಿದೆ, ಸಾಕು.

☐ ದಿನ, ಹೊತ್ತು ಇದೆಯೇ?
"ಬೇಗ" ಬೇಡ. "ಗುರುವಾರ ಸಂಜೆ 5ರೊಳಗೆ, ಶುಕ್ರವಾರ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು" ಅನ್ನಿ. ಆಗದಿದ್ದರೆ ಯಾವಾಗ ತಿಳಿಸಬೇಕು ಅನ್ನುವುದನ್ನೂ ಸೇರಿಸಿ, "ಆಗಲ್ಲ" ಅನ್ನಲು ಅವರಿಗೂ ದಾರಿ ಇರಲಿ. 46 ಪುಟ ಕೊಟ್ಟು ನಾಳೆಗೆ ಬೇಕು ಅನ್ನುವ ಮುಂಚೆ, ನೀವೇ ನಾಲ್ಕು ಪುಟ ತಿದ್ದಿ ಎಷ್ಟು ಹೊತ್ತು ಹಿಡಿಯಿತು ನೋಡಿ.

☐ ಒಬ್ಬರ ಹೆಸರಿಗೇ ಬರೆದಿದ್ದೇನೆಯೇ?
ಮೂವರಿಗೆ ಒಟ್ಟಿಗೆ ಹೋದರೆ, ಉಳಿದ ಇಬ್ಬರು ಮಾಡುತ್ತಾರೆ ಅಂತ ಮೂವರೂ ಸುಮ್ಮನಿರುತ್ತಾರೆ. ಕೆಲಸ ಇಬ್ಬರಿಗೆ ಹಂಚಿದ್ದರೆ ಯಾರಿಗೆ ಯಾವ ಅಧ್ಯಾಯ ಅಂತ ಮೊದಲ ಸಾಲಿನಲ್ಲೇ ಬರಲಿ.

☐ ಬಾಯಿಬಿಟ್ಟು ಓದಿದ್ದೇನೆಯೇ?
ಮೂರು ಸಲ "ದಯವಿಟ್ಟು" ಇದ್ದರೆ ಎರಡನ್ನು ತೆಗೆಯಿರಿ. ಅಪ್ಪಣೆ ಕೊಟ್ಟ ಹಾಗೆ ಕೇಳಿಸಿದರೆ ಒಂದನ್ನು ಸೇರಿಸಿ.

ಈಗ ವಿಳಾಸ ಹಾಕಿ, ಕಳಿಸಿ. ಜಿಮೇಲ್ ಬಳಸುವವರು ಸೆಟ್ಟಿಂಗ್ಸ್‌ಗೆ ಹೋಗಿ `Undo Send` ಅನ್ನು 30 ಸೆಕೆಂಡಿಗೆ ಇಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಅದು ಕೊಡುವುದಿಲ್ಲ.