ಅಡುಗೆ ಉಪ್ಪಿನಲ್ಲಿ ಸೋಡಿಯಂ ಎಷ್ಟು, ಕ್ಲೋರಿನ್ ಎಷ್ಟು?

ಅಡುಗೆ ಉಪ್ಪಿನ ರಾಸಾಯನಿಕ ಹೆಸರು ಸೋಡಿಯಂ ಕ್ಲೋರೈಡ್, ಸೂತ್ರ NaCl. ಈ ಸೂತ್ರವನ್ನು ನೋಡಿದ ಕೂಡಲೇ ಅನೇಕ ವಿದ್ಯಾರ್ಥಿಗಳು ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: ಒಂದು ಸೋಡಿಯಂ, ಒಂದು ಕ್ಲೋರಿನ್, ಆದ್ದರಿಂದ 100 ಗ್ರಾಂ ಉಪ್ಪಿನಲ್ಲಿ 50 ಗ್ರಾಂ ಸೋಡಿಯಂ ಮತ್ತು 50 ಗ್ರಾಂ ಕ್ಲೋರಿನ್ ಇರಬೇಕು. ಎಣಿಕೆಯ ಮಟ್ಟಿಗೆ ಈ ಮಾತು ಸರಿ. ತೂಕದ ಮಟ್ಟಿಗೆ ತಪ್ಪು. ಸೂತ್ರವು ಹೇಳುವುದು ಎರಡು ಧಾತುಗಳ ಕಣಗಳು ಯಾವ ಸಂಖ್ಯಾನುಪಾತದಲ್ಲಿ ಕೂಡಿವೆ ಎಂಬುದನ್ನು ಮಾತ್ರ, ಆದರೆ ತಕ್ಕಡಿಗೆ ಬೇಕಾಗಿರುವುದು ರಾಶಿ. ಸಂಖ್ಯೆಯಿಂದ ರಾಶಿಗೆ ಹೋಗಬೇಕಾದರೆ ಪ್ರತಿಯೊಂದು ಧಾತುವಿನ ಪರಮಾಣು ರಾಶಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಒಂದು ಸಂಯುಕ್ತದ 100 ಭಾಗ ರಾಶಿಯಲ್ಲಿ ಒಂದು ಧಾತುವಿನ ಪಾಲು ಎಷ್ಟು ಭಾಗವೋ ಅದನ್ನು ಆ ಧಾತುವಿನ ರಾಶಿಯ ಶೇಕಡಾ ಪ್ರಮಾಣ ಎನ್ನುತ್ತೇವೆ. ಅದನ್ನು ಕಂಡುಹಿಡಿಯುವ ಸೂತ್ರ ಹೀಗಿದೆ:

ಧಾತುವಿನ ಶೇಕಡಾ ಪ್ರಮಾಣ = (ಸೂತ್ರದಲ್ಲಿ ಆ ಧಾತುವಿನ ಒಟ್ಟು ರಾಶಿ ÷ ಸಂಯುಕ್ತದ ಸೂತ್ರ ರಾಶಿ) × 100

ಇಲ್ಲಿ ಅಣು ರಾಶಿ ಎನ್ನದೆ ಸೂತ್ರ ರಾಶಿ ಎಂದಿರುವುದಕ್ಕೆ ಕಾರಣವಿದೆ. ಉಪ್ಪಿನ ಹರಳಿನಲ್ಲಿ ಒಂದು ಸೋಡಿಯಂ ಮತ್ತು ಒಂದು ಕ್ಲೋರಿನ್ ಜೋಡಿಯಾಗಿ ಬೇರೆ ನಿಂತಿರುವ ಅಣುಗಳಿಲ್ಲ. ಪ್ರತಿಯೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳು, ಪ್ರತಿಯೊಂದು ಕ್ಲೋರೈಡ್ ಅಯಾನಿನ ಸುತ್ತ ಆರು ಸೋಡಿಯಂ ಅಯಾನುಗಳು ಇರುವಂತೆ ಇಡೀ ಹರಳು ಹೆಣೆದುಕೊಂಡಿರುತ್ತದೆ. NaCl ಎಂಬುದು ಆ ಹೆಣಿಗೆಯಲ್ಲಿನ ಅತ್ಯಂತ ಸರಳ ಅನುಪಾತ. ಅಯಾನಾಗುವಾಗ ಸೋಡಿಯಂ ಒಂದು ಇಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ, ಕ್ಲೋರಿನ್ ಅದನ್ನು ಪಡೆಯುತ್ತದೆ. ಇಲೆಕ್ಟ್ರಾನಿನ ರಾಶಿ ತೀರಾ ಅಲ್ಪವಾದ್ದರಿಂದ ನಮ್ಮ ಲೆಕ್ಕದಲ್ಲಿ ಪರಮಾಣು ರಾಶಿಗಳನ್ನೇ ನೇರವಾಗಿ ಬಳಸಬಹುದು.

ಸೋಡಿಯಂನ ಪರಮಾಣು ರಾಶಿ 22.99, ಕ್ಲೋರಿನ್‌ನದು 35.45. ಕ್ಲೋರಿನ್‌ಗೆ ಪೂರ್ಣಾಂಕಕ್ಕೆ ಹತ್ತಿರವಲ್ಲದ ಈ ಬೆಲೆ ಏಕೆ ಎಂದು ಕೇಳುವವರು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ. ಪ್ರಕೃತಿಯಲ್ಲಿ ಕ್ಲೋರಿನ್‌ಗೆ 35 ಮತ್ತು 37 ರಾಶಿಸಂಖ್ಯೆಯ ಎರಡು ಸ್ಥಿರ ಐಸೋಟೋಪುಗಳಿದ್ದು, ಮೊದಲನೆಯದು ಸುಮಾರು ಮುಕ್ಕಾಲು ಪಾಲು, ಎರಡನೆಯದು ಸುಮಾರು ಕಾಲು ಪಾಲು ಇರುವುದರಿಂದ ಅವುಗಳ ಸರಾಸರಿ 35.45ರ ಬಳಿ ಬಂದು ನಿಲ್ಲುತ್ತದೆ. ಈಗ ಲೆಕ್ಕಕ್ಕೆ ಬರೋಣ.

NaCl ಸೂತ್ರ ರಾಶಿ = 22.99 + 35.45 = 58.44

ಸೋಡಿಯಂ = (22.99 ÷ 58.44) × 100 = 39.34%

ಕ್ಲೋರಿನ್ = (35.45 ÷ 58.44) × 100 = 60.66%

ಎರಡನ್ನೂ ಕೂಡಿದರೆ 100.00 ಬರುತ್ತದೆ. ಕ್ಲೋರಿನ್‌ನ ಪಾಲನ್ನು 100ರಿಂದ 39.34 ಕಳೆದು ಪಡೆಯಬಹುದಲ್ಲ ಎಂದು ಕೆಲವರಿಗೆ ಅನಿಸೀತು. ಪಡೆಯಬಹುದು, ಆದರೆ ಮೊದಲನೆಯ ಲೆಕ್ಕದಲ್ಲಿ ತಪ್ಪಿದ್ದರೆ ಕಳೆಯುವ ವಿಧಾನವು ಅದನ್ನು ಎಂದೂ ತೋರಿಸಿಕೊಡುವುದಿಲ್ಲ, ಏಕೆಂದರೆ ಮೊತ್ತ 100 ಆಗುವಂತೆ ನಾವೇ ಮಾಡಿಟ್ಟಿರುತ್ತೇವೆ. ಎರಡನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿ ಕೂಡಿ ನೋಡುವುದೇ ಒಳ್ಳೆಯದು. ಪರಮಾಣು ರಾಶಿಗಳನ್ನು 23 ಮತ್ತು 35.5 ಎಂದು ತೆಗೆದುಕೊಂಡವರಿಗೆ 39.32 ಮತ್ತು 60.68 ಎಂಬ ಉತ್ತರಗಳು ಬರುತ್ತವೆ. ಅವೂ ಸರಿ, ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟ ಬೆಲೆಗಳನ್ನೇ ಬಳಸಬೇಕು.

ಈ ಶೇಕಡಾ ಪ್ರಮಾಣವು ಶುದ್ಧ ಸಂಯುಕ್ತಕ್ಕೆ ಸೇರಿದ್ದು, ನಾವು ತೆಗೆದುಕೊಂಡ ಪ್ರಮಾಣಕ್ಕೆ ಅಲ್ಲ. ಸಮುದ್ರದ ನೀರನ್ನು ಆವಿಯಾಗಿಸಿ ಪಡೆದ ಉಪ್ಪಾಗಲಿ, ನೆಲದಡಿಯ ಗಣಿಯಿಂದ ತೆಗೆದ ಕಲ್ಲುಪ್ಪಾಗಲಿ, ಪ್ರಯೋಗಾಲಯದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿ ತಯಾರಿಸಿದ ಉಪ್ಪಾಗಲಿ, ಶುದ್ಧೀಕರಿಸಿದ ಮೇಲೆ ಎಲ್ಲದರಲ್ಲೂ ಸೋಡಿಯಂನ ಪಾಲು ಒಂದೇ. 18ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ಜೋಸೆಫ್ ಪ್ರೌಸ್ಟ್ ಮಂಡಿಸಿದ ಸ್ಥಿರಾನುಪಾತ ನಿಯಮದ ತಿರುಳು ಇದೇ. ಮಾದರಿಯಲ್ಲಿ ತೇವ ಅಥವಾ ಬೇರೆ ಲವಣ ಸೇರಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ: 10 ಗ್ರಾಂ ಮಾದರಿಯಲ್ಲಿ 95% ಮಾತ್ರ NaCl ಇದ್ದು, ಉಳಿದದ್ದರಲ್ಲಿ ಸೋಡಿಯಂ ಇಲ್ಲವಾದರೆ, ಮೊದಲು 9.5 ಗ್ರಾಂ ಎಂದು ಕಂಡುಕೊಂಡು ಅದರ 39.34%, ಅಂದರೆ ಸುಮಾರು 3.74 ಗ್ರಾಂ ಸೋಡಿಯಂ ಎಂದು ಹೇಳಬೇಕು.

ಕಾಗದದ ಮೇಲಿನ 60.66% ನಿಜವೇ ಎಂಬುದನ್ನು ತೂಗಿಯೇ ನೋಡಬಹುದು. ನಿಖರವಾಗಿ 0.2000 ಗ್ರಾಂ ಶುದ್ಧ, ಒಣಗಿದ ಉಪ್ಪನ್ನು ನೀರಿನಲ್ಲಿ ಕರಗಿಸಿ, ನೈಟ್ರಿಕ್ ಆಮ್ಲದ ಕೆಲವು ಹನಿ ಸೇರಿಸಿ, ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಸ್ವಲ್ಪ ಹೆಚ್ಚಾಗಿಯೇ ಹಾಕಿದರೆ, ದ್ರಾವಣವು ಹಾಲಿನಂತೆ ಬಿಳಿಯಾಗಿ, ಬಳಿಕ ಸಿಲ್ವರ್ ಕ್ಲೋರೈಡ್ ಗರಣೆಗರಣೆಯಾಗಿ ತಳಕ್ಕೆ ಕೂರುತ್ತದೆ. ಉಪ್ಪಿನಲ್ಲಿದ್ದ ಕ್ಲೋರಿನ್ ಬಹುಮಟ್ಟಿಗೆ ಎಲ್ಲವೂ ಈಗ ಈ ಪ್ರಕ್ಷೇಪದಲ್ಲಿದೆ. ಬೆಳಕು ಬಿದ್ದರೆ ಅದು ನಿಧಾನವಾಗಿ ಬೂದು ನೇರಳೆ ಬಣ್ಣಕ್ಕೆ ತಿರುಗುವುದರಿಂದ ಮಬ್ಬು ಬೆಳಕಿನಲ್ಲಿ ಶೋಧಿಸಿ, ತೊಳೆದು, ಒಣಗಿಸಿ ತೂಗಬೇಕು. ಲೆಕ್ಕದ ಪ್ರಕಾರ ಬರಬೇಕಾದ ತೂಕ 0.4905 ಗ್ರಾಂ. ಸಿಲ್ವರ್ ಕ್ಲೋರೈಡಿನ ಸೂತ್ರ ರಾಶಿ 107.87 + 35.45 = 143.32, ಅದರಲ್ಲಿ ಕ್ಲೋರಿನ್‌ನ ಪಾಲು 24.735%. ಹಾಗಾಗಿ 0.4905 ಗ್ರಾಂ ಪ್ರಕ್ಷೇಪದಲ್ಲಿ 0.1213 ಗ್ರಾಂ ಕ್ಲೋರಿನ್ ಇದೆ, ಅದು 0.2000 ಗ್ರಾಂನ ಸುಮಾರು 60.7%. ಪ್ರಕ್ಷೇಪವನ್ನು ಸರಿಯಾಗಿ ಒಣಗಿಸದಿದ್ದರೆ ನೀರಿನ ತೂಕವೂ ಸೇರಿ ಕ್ಲೋರಿನ್ ಹೆಚ್ಚಿದ್ದಂತೆ ಕಾಣುತ್ತದೆ. ಇಂತಹ ಪ್ರಯೋಗದಲ್ಲಿ ಲೆಕ್ಕಕ್ಕಿಂತ ಒಣಗಿಸುವ ಕೆಲಸವೇ ಕಷ್ಟದ್ದು.

ಈ ಲೆಕ್ಕ ದಿನಬಳಕೆಗೂ ಬರುತ್ತದೆ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕೆಂದೂ, ಸೋಡಿಯಂ 2 ಗ್ರಾಂಗಿಂತ ಕಡಿಮೆ ಇರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವು ಎರಡು ಬೇರೆ ಸಲಹೆಗಳಂತೆ ಕಂಡರೂ 5 ಗ್ರಾಂನ 39.34% ಎಂದರೆ 1.97 ಗ್ರಾಂ, ಅಂದರೆ ಒಂದೇ ಮಿತಿಯನ್ನು ಎರಡು ರೀತಿಯಲ್ಲಿ ಹೇಳಿದಂತಾಯಿತು. ಆಹಾರದ ಪೊಟ್ಟಣದ ಮೇಲೆ ಸೋಡಿಯಂನ ಅಂಕಿಯಷ್ಟೇ ಮುದ್ರಿತವಾಗಿದ್ದರೆ ಅದನ್ನು 58.44 ÷ 22.99, ಅಂದರೆ ಸುಮಾರು 2.54ರಿಂದ ಗುಣಿಸಬೇಕು, 400 ಮಿಲಿಗ್ರಾಂ ಸೋಡಿಯಂ ಎಂದರೆ ಸುಮಾರು 1 ಗ್ರಾಂ ಉಪ್ಪಿಗೆ ಸಮ.

ಧಾತು ಅದೇ ಆದರೂ ಜೊತೆಗಾರ ಬದಲಾದರೆ ಪಾಲು ಬದಲಾಗುತ್ತದೆ. ಪೊಟ್ಯಾಸಿಯಂ ಕ್ಲೋರೈಡಿನಲ್ಲೂ (KCl) ಒಂದೇ ಕ್ಲೋರಿನ್ ಇದೆ, ಆದರೆ ಪೊಟ್ಯಾಸಿಯಂನ ಪರಮಾಣು ರಾಶಿ 39.10 ಆದ್ದರಿಂದ ಸೂತ್ರ ರಾಶಿ 74.55ಕ್ಕೆ ಏರಿ, ಕ್ಲೋರಿನ್‌ನ ಪಾಲು 60.66ರಿಂದ 47.55 ಶೇಕಡಾಕ್ಕೆ ಇಳಿಯುತ್ತದೆ.

ಅಭ್ಯಾಸಕ್ಕೆ: ಮೆಗ್ನೀಸಿಯಂ ಕ್ಲೋರೈಡಿನಲ್ಲಿ (MgCl₂) ಎರಡೂ ಧಾತುಗಳ ಶೇಕಡಾ ಪ್ರಮಾಣವನ್ನು ಕಂಡುಹಿಡಿಯಿರಿ. ಮೆಗ್ನೀಸಿಯಂನ ಪರಮಾಣು ರಾಶಿ 24.31. ಸೂತ್ರದಲ್ಲಿ ಕ್ಲೋರಿನ್ ಎರಡು ಬಾರಿ ಬಂದಿರುವುದನ್ನು ಛೇದದಲ್ಲೂ ಅಂಶದಲ್ಲೂ ಮರೆಯಬೇಡಿ. ಒಂದು ಕಡೆ ಮಾತ್ರ ಎರಡರಿಂದ ಗುಣಿಸಿದರೆ ಮೊತ್ತ 100 ಆಗುವುದಿಲ್ಲ. ಸರಿಯಾದ ಉತ್ತರ: ಮೆಗ್ನೀಸಿಯಂ 25.53%, ಕ್ಲೋರಿನ್ 74.47%.