ಬೆಲ್ಲದಂಗಡಿಯ ಬೆಳಗು

ನಮ್ಮ ಚಿಕ್ಕಪ್ಪನದು ಮಂಡ್ಯದಲ್ಲಿ ಒಂದು ಸಣ್ಣ ಬೆಲ್ಲದಂಗಡಿ. ಬೆಳಿಗ್ಗೆ ಆರೂವರೆಗೆ ಶಟರ್ ಅರ್ಧ ಎತ್ತುತ್ತಾರೆ. ಕಸ ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚುತ್ತಾರೆ. ಆಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಕನ್ನಡಕ ಹಾಕಿಕೊಂಡು, ಮೊಬೈಲಿನ ಎಐ ಆ್ಯಪಿಗೆ ಒಂದೇ ಬೆರಳಲ್ಲಿ ಬರೆಯಲು ಶುರು ಮಾಡುತ್ತಾರೆ. ಗಿರಾಕಿಗಳಿಗೆ ಕಳಿಸುವ ಮೆಸೇಜುಗಳನ್ನು ಅದರ ಕೈಲಿ ಬರೆಸುವುದು.

ಈ ಸಂಕ್ರಾಂತಿಗೆ ಊರಿಗೆ ಹೋದಾಗ ಪಕ್ಕದಲ್ಲಿ ಕೂತು ನೋಡಿದೆ. ಅವರು ಬರೆಯುತ್ತಿದ್ದದ್ದು ಇದು:

"ನಾನು ಮಂಡ್ಯದಲ್ಲಿ ಬೆಲ್ಲದಂಗಡಿ ಇಟ್ಟಿದ್ದೇನೆ. ಇಪ್ಪತ್ತೆರಡು ವರ್ಷ ಆಯಿತು. ಸಕ್ಕರೆ ಮಾರುವುದಿಲ್ಲ. ನಮ್ಮ ಬೆಲ್ಲಕ್ಕೆ ಹೈಡ್ರೋಸ್ ರಾಸಾಯನಿಕ ಹಾಕಿಸುವುದಿಲ್ಲ, ಅದಕ್ಕೇ ಕಪ್ಪಗಿರುತ್ತದೆ. ಹಳದಿ ಬೆಲ್ಲ ಅಂತ ಬರೆಯಬೇಡ. ಅಚ್ಚು ಬೆಲ್ಲ ಕೆಜಿಗೆ 60, ಬಕೆಟ್ ಬೆಲ್ಲ 48. ಎರಡೂ ಇದೆ. ಭಾನುವಾರ ಮಧ್ಯಾಹ್ನದ ಮೇಲೆ ರಜ. ಬಾಕಿ ಕೇಳುವ ಮೆಸೇಜ್ ಬರೆದರೆ ಅವರಿಗೆ ಬೇಜಾರಾಗಬಾರದು."

ಮರುದಿನ ನೋಡಿದೆ. ಅದೇ. ಅದರ ಮಾರನೇ ದಿನವೂ ಅದೇ. ಅಲ್ಲೊಂದು ಇಲ್ಲೊಂದು ಅಕ್ಷರ ಬೇರೆ, ಅಷ್ಟೆ. ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ನಡುವೆ ಗಿರಾಕಿ ಬಂದರೆ ಇನ್ನೂ ಜಾಸ್ತಿ.

"ದಿನಾ ಯಾಕೆ ಇದನ್ನೇ ಬರೀತೀರ ಚಿಕ್ಕಪ್ಪ?" ಅಂದೆ.

"ಅದ್ಕೆ ನಾನ್ಯಾರು ಅಂತ ಗೊತ್ತಿರಲ್ಲ ಕಣವ್ವ. ದಿನಾ ಹೊಸ ಹುಡುಗ ಕೆಲ್ಸಕ್ಕೆ ಬಂದಂಗೆ. ಮೊದ್ಲು ಹೇಳ್ಕೊಡ್ಬೇಕು."

ಅವರು ಅದನ್ನು ಸುಮ್ನೆ ಹೇಳಿರಲಿಲ್ಲ, ಪೆಟ್ಟು ತಿಂದು ಕಲಿತಿದ್ದರು. ಶುರುವಿನಲ್ಲಿ ಒಂದು ದಿನ ಚೆನ್ನಾಗಿ ಪರಿಚಯ ಹೇಳಿ, ವಾಟ್ಸಾಪ್ ಗುಂಪಿಗೆ ಹಾಕುವ ಮೆಸೇಜ್ ಬರೆಸಿದ್ದರಂತೆ. ಮಾರನೇ ದಿನ ಹೊಸ ಮಾತುಕತೆ ತೆರೆದು, ಇವತ್ತಿನದು ಬರೆ ಅಂತಷ್ಟೇ ಹಾಕಿದ್ದಾರೆ. ಬಂಗಾರದಂಥ ಹಳದಿ ಬೆಲ್ಲ ಅಂತ ಬರೆದುಕೊಟ್ಟಿತು. ಓದದೆ ಕಳಿಸಿಬಿಟ್ಟರು. ಹಳೇ ಗಿರಾಕಿಯೊಬ್ಬರು ಅಂಗಡಿಗೇ ಬಂದು, "ಏನಪ್ಪಾ, ನೀನೂ ಹೈಡ್ರೋಸ್ ಹಾಕ್ಸಕ್ಕೆ ಶುರು ಮಾಡಿದ್ಯಾ?" ಅಂದರಂತೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಹೈಡ್ರೋಸ್ ಹಾಕಿದರೆ ಬಣ್ಣ ತಿಳಿಯಾಗಿ ಬೆಲ್ಲ ಹಳದಿಗೆ ತಿರುಗುತ್ತದೆ. ಆಲೆಮನೆ ಕಂಡವರಿಗೆ ಇದು ಗೊತ್ತು. ಕಪ್ಪು ಬೆಲ್ಲ ಕೊಡ್ತೀನಿ ಅಂತ ಇಪ್ಪತ್ತೆರಡು ವರ್ಷ ಹೇಳಿಕೊಂಡು ಬಂದ ಮನುಷ್ಯನಿಗೆ ಆ ಮಾತು ಎಷ್ಟು ಚುಚ್ಚಿರಬೇಕು ಹೇಳಿ.

ನಾನು ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು. ವಿವರಿಸಿದೆ. ಅದು ನಿಮ್ಮ ಜೊತೆ ಮಾತಾಡಿ ಮಾತಾಡಿ ಕಲಿಯುವುದಿಲ್ಲ ಚಿಕ್ಕಪ್ಪ. ಆ ಹೊತ್ತಿಗೆ ಅದರ ಮುಂದೆ ಏನು ಬರಹ ಇದೆಯೋ ಅಷ್ಟನ್ನೇ ನೋಡಿ ಉತ್ತರ ಕಟ್ಟುತ್ತದೆ. ನೀವು ಬಳಸುವುದರಲ್ಲಿ ಹೊಸ ಮಾತುಕತೆ ತೆರೆದರೆ ಮುಂದಿರುವುದು ಖಾಲಿ ಹಾಳೆ. ಹಳೆಯದರಲ್ಲೇ ಮುಂದುವರಿಸಬಹುದು, ಆದರೆ ತುಂಬಾ ಉದ್ದ ಆದರೆ ಮೊದಲು ಹೇಳಿದ್ದು ಅದರ ಕಣ್ಣಿಂದ ಜಾರಬಹುದು. ಅದಕ್ಕೇ ಸೆಟ್ಟಿಂಗ್ಸಿನಲ್ಲಿ ಒಂದು ಜಾಗ ಇದೆ. ನಮ್ಮ ಪರಿಚಯ ಅಲ್ಲಿ ಒಂದು ಸಲ ಬರೆದಿಟ್ಟರೆ, ಪ್ರತಿ ಹೊಸ ಮಾತುಕತೆಗೂ ಅದೇ ಸೇರಿಕೊಳ್ಳುತ್ತದೆ.

ಆವತ್ತು ಅವರು ಬರೆದದ್ದನ್ನು ಹಾಗೇ ಎತ್ತಿ ಅಲ್ಲಿಗೆ ಹಾಕಿದೆ. ಚಿಕ್ಕಪ್ಪನಿಗೆ ಖುಷಿಯೋ ಖುಷಿ. ಎಳ್ಳುಬೆಲ್ಲದ ಜೊತೆ ನನಗೆ ಎರಡು ಕೆಜಿ ಅಚ್ಚು ಬೆಲ್ಲ ಕಟ್ಟಿಕೊಟ್ಟರು.

ಹನ್ನೆರಡು ದಿನಕ್ಕೆ ಫೋನ್ ಬಂತು.

ಮದ್ದೂರಿನ ಕಡೆಯ ಮಿಠಾಯಿ ಅಂಗಡಿಯವರೊಬ್ಬರು ಬೆಳಗಿನ ಮೆಸೇಜ್ ನೋಡಿ, ಆಟೋ ಮಾಡಿಕೊಂಡು ಬಂದಿದ್ದಾರೆ. ನಲವತ್ತು ಕೆಜಿ ಬಕೆಟ್ ಬೆಲ್ಲ ಬೇಕು, 48ರ ಲೆಕ್ಕದಲ್ಲಿ. ಅಂಗಡಿಯಲ್ಲಿ ಬಕೆಟ್ ಬೆಲ್ಲ ಮುಗಿದು ಮೂರು ದಿನವಾಗಿತ್ತು. ಮೆಸೇಜಿನಲ್ಲಿ ಮಾತ್ರ ದಿನವೂ ಎರಡೂ ಇದೆ ಅಂತಲೇ ಹೋಗುತ್ತಿತ್ತು. ನಾನು ಬರೆದಿಟ್ಟಿದ್ದು ಹಾಗೆ.

"ಏನ್ ಮಾಡಿದ್ರಿ?"

"ಅಚ್ಚು ಬೆಲ್ಲನೇ ತೂಗಿ ಕೊಟ್ಟೆ, ನಲವತ್ತೆಂಟ್ರಂಗೆ. ಬರ್ದಿದ್ದು ನಾವಲ್ವಾ?"

ಕೆಜಿಗೆ ಹನ್ನೆರಡು ರೂಪಾಯಿ. 480 ಹೋಯಿತು. ಅವರ ಅಂಗಡಿಗೆ ಅದು ಸಣ್ಣ ದುಡ್ಡಲ್ಲ. ಬದಲಾಗುವುದನ್ನೂ ಬದಲಾಗದ್ದನ್ನೂ ಒಟ್ಟಿಗೆ ಬರೆದಿಟ್ಟವಳು ನಾನು. ತಪ್ಪು ನಂದೇ ಅಂದೆ. ಅವರು ಒಪ್ಪಲಿಲ್ಲ.

"ನಿಂದೇನೈತವ್ವ ಅದ್ರಲ್ಲಿ. ನಾನು ಬರೀವಾಗ ಒಂದೊಂದು ಸಾಲಿಗೂ ತಲೆ ಎತ್ತಿ ನೋಡ್ತಿದ್ದೆ. ಬಕೆಟ್ ಅಂತ ಬರೀವಾಗ ಬಕೆಟ್ ಕಡೆ ನೋಡ್ತಿದ್ದೆ. ಅಚ್ಚು ಅನ್ನುವಾಗ ಮೂಟೆಗೆ ತೇವ ಏರೈತಾ ಅಂತ ಕೈ ಇಟ್ಟು ನೋಡ್ತಿದ್ದೆ. ಈಗ ಬರ್ಯಂಗಿಲ್ವಲ್ಲ. ನೋಡೋದೂ ನಿಂತೋಯ್ತು."

ಆ ಮಾತು ಕೇಳಿ ನಾನು ಒಂದು ಗಳಿಗೆ ಸುಮ್ಮನಾದೆ. ಮೂರು ದಿನ ಪಕ್ಕದಲ್ಲೇ ಕೂತಿದ್ದೆ. ಅವರು ತಲೆ ಎತ್ತಿದ್ದನ್ನೂ ಕಂಡಿದ್ದೆ. ಅಕ್ಷರ ಹುಡುಕಿ ಕಣ್ಣು ಸೋತು ಹಾಗೆ ಮಾಡುತ್ತಾರೆ ಅಂದುಕೊಂಡಿದ್ದೆ.

ಫೋನಿನಲ್ಲೇ ಇಬ್ಬರೂ ಕೂತು ಸಾಲುಗಳನ್ನು ಬೇರೆ ಮಾಡಿದೆವು. ಅಂಗಡಿ ಎಲ್ಲಿ, ಎಷ್ಟು ವರ್ಷ, ಸಕ್ಕರೆ ಇಲ್ಲ, ಹೈಡ್ರೋಸ್ ಇಲ್ಲ, ಹಳದಿ ಅನ್ನಬೇಡ, ಭಾನುವಾರದ ರಜ. ಇವು ಸೆಟ್ಟಿಂಗ್ಸಿನಲ್ಲಿ ಇರಲಿ. ಯಾವ ಬೆಲ್ಲ ಇದೆ, ಎಷ್ಟು ರೇಟು, ಇವನ್ನು ದಿನಾ ಬೆಳಿಗ್ಗೆ ಅವರೇ ಬರೆಯಲಿ. ನಾನು ಕೊನೆಯ ಸಾಲನ್ನೂ ಸೆಟ್ಟಿಂಗ್ಸಿಗೆ ಸೇರಿಸಲು ಹೋದೆ. ಬಾಕಿ ಕೇಳುವಾಗ ಬೇಜಾರು ಮಾಡಬಾರದು ಅನ್ನುವುದು ಬದಲಾಗುವ ಮಾತಲ್ಲ, ಅಲ್ವಾ?

"ಅದು ಬ್ಯಾಡ. ಅದ್ನ ನಾನೇ ಬರೀತೀನಿ."

"ದಿನಾ ಒಂದೇ ಅಲ್ವಾ ಚಿಕ್ಕಪ್ಪ?"

"ಮಾತು ಒಂದೇ ಕಣವ್ವ. ಬಾಕಿ ಇರೋರು ಒಂದೇನಾ? ಬರೀವಾಗ ಅವರ ಮನೆ ಕತೆ ಗ್ಯಾನ ಬರ್ತದೆ."

ಆಯಿತು ಅಂದೆ. ಒಂದು ಮಾತು ಮಾತ್ರ ಒತ್ತಿ ಹೇಳಿದೆ. ಯಾರ ಹೆಸರನ್ನೂ ಫೋನ್ ನಂಬರನ್ನೂ ಅದಕ್ಕೆ ಬರೆಯಬೇಡಿ. ಅವರು ನಕ್ಕರು. ಬಾಕಿ ಪುಸ್ತಕವನ್ನು ಚಿಕ್ಕಮ್ಮನಿಗೇ ತೋರಿಸದ ಮನುಷ್ಯ ಅವರು. ಮೊದಲಿನಿಂದಲೂ ಹೆಸರು ಬರೆದಿಲ್ಲವಂತೆ.

ಮಾರನೇ ದಿನ ಬೆಳಿಗ್ಗೆ ಏಳು ಗಂಟೆಗೆ, ಸರಿಯಾಗಿದೆಯಾ ನೋಡು ಅಂತ ತಾವು ಬರೆದದ್ದರ ಫೋಟೋ ತೆಗೆದು ನನಗೆ ಕಳಿಸಿದರು. ಬಸ್ಸಿನಲ್ಲಿ ನಿಂತುಕೊಂಡೇ ಓದಿದೆ.

"ಇವತ್ತು ಅಚ್ಚು ಬೆಲ್ಲ ಮಾತ್ರ ಇದೆ. ಆರು ಮೂಟೆ. ಒಂದು ಮೂಟೆ ಸ್ವಲ್ಪ ತೇವ ಏರಿದೆ, ಅದನ್ನು ಕೆಜಿಗೆ 52ಕ್ಕೆ ಕೊಡುತ್ತೇನೆ, ಯಾಕೆ ಅಂತಲೂ ಬರೆ. ಬಕೆಟ್ ಬೆಲ್ಲ ಗುರುವಾರ ಬರುತ್ತದೆ. ಬಾಕಿ ಕೇಳುವುದು ಇಬ್ಬರಿಗೆ. ಒಬ್ಬರು 600 ಕೊಡಬೇಕು, ಮರೆತಿದ್ದಾರೆ, ನೆನಪು ಮಾಡಿದರೆ ಸಾಕು. ಇನ್ನೊಬ್ಬರು 1,350 ಕೊಡಬೇಕು. ಅವರ ಮಗಳು ಹೆರಿಗೆಗೆ ಬಂದಿದ್ದಾಳೆ. ಅವರಿಗೆ ಈ ತಿಂಗಳು ಬರೆಯಬೇಡ."